ರಜೆ ಮುಗಿದ ಮೇಲೂ ಚೆಸ್ ಮಕ್ಕಳು ಉಳಿಯಬೇಕೆಂದರೆ

ಪ್ರಶ್ನೆ: ಮನೆಯಲ್ಲಿ ಚೆಸ್ ಹೇಳಿಕೊಡುತ್ತೇನೆ, ಮೊದಲ ವಾರದಿಂದಲೇ ಓಪನಿಂಗ್ ಬಾಯಿಪಾಠ ಮಾಡಿಸುತ್ತೇನೆ. ಬೇಸಿಗೆಯಲ್ಲಿ ಸೇರಿದ ಮಕ್ಕಳು ಶಾಲೆ ಶುರುವಾಗುತ್ತಲೇ ಬಿಟ್ಟುಬಿಡುತ್ತಾರೆ. ಏನು ಮಾಡಲಿ?

ಉತ್ತರ: ಮೊದಲ ವಾರದಿಂದಲೇ ಓಪನಿಂಗ್ ಬಾಯಿಪಾಠ ಮಾಡಿಸುತ್ತೀರೆಂದು ಬರೆದಿದ್ದೀರಿ. ತೊಂದರೆ ಅಲ್ಲಿಯೇ ಇದೆ. ಗೆದ್ದ ರುಚಿ ಕಾಣದ ಮಗು ಉಳಿಯುವುದಿಲ್ಲ. ಮೊದಲು ಎರಡೂ ಕಡೆ ಎಂಟೆಂಟು ಪಾನ್ ಮಾತ್ರ ಇಟ್ಟು ಆಡಿಸಿ. ಮೊದಲು ಆಚೆ ತುದಿ ಮುಟ್ಟಿದವರು ಗೆದ್ದಂತೆ. ಮೊದಲ ತರಗತಿಯಲ್ಲೇ ಪೂರ್ತಿ ಆಟ ಮುಗಿಯುತ್ತದೆ. ಬಳಿಕ ಎರಡು ಆನೆಗಳಿಂದ ರಾಜನನ್ನು ಅಂಚಿಗೆ ತಳ್ಳಿ ಮೇಟ್ ಮಾಡುವುದು, ಆಮೇಲೆ ಕ್ವೀನ್ ಮತ್ತು ರಾಜ ಸೇರಿ ಮೇಟ್ ಮಾಡುವುದು.

ಕಲಿತರೋ ಇಲ್ಲವೋ ತಿಳಿಯಲು ಹೀಗೆ ಪರೀಕ್ಷಿಸಿ: ಎದುರಾಳಿಗೆ ಎ8 ಮೂಲೆಯ ರಾಜನೊಬ್ಬನೇ ಉಳಿದಿದ್ದಾನೆ, ನಡೆ ಅವನದು, ನಿಮ್ಮ ಕ್ವೀನ್ ಸಿ7ರಲ್ಲಿದೆ. ಚೆಕ್ ಇಲ್ಲ, ನಡೆಯಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಆಟ ಡ್ರಾ. ಇದನ್ನು ‘ಗೆದ್ದೆ’ ಎನ್ನುವ ಮಗುವನ್ನು ಮುಂದಿನ ಪಾಠಕ್ಕೆ ಕಳಿಸಬೇಡಿ.

ಶುಲ್ಕವನ್ನು ತರಗತಿಗಿಷ್ಟು ಎಂದು ಇಡಬೇಡಿ. ಮದುವೆ, ಜ್ವರ ಎಂದು ಅರ್ಧ ಹಣ ಸೋರಿಹೋಗುತ್ತದೆ. ತಿಂಗಳಿಗೆ ಎಂಟು ತರಗತಿ, 800 ರೂಪಾಯಿ ಮುಂಗಡ ಎಂದಿಟ್ಟುಕೊಳ್ಳಿ. ಆರು ಮಕ್ಕಳ ಬ್ಯಾಚಿಗೆ 4,800 ಆಗುತ್ತದೆ. ಆರು ಏಕೆಂದರೆ ಮೂರು ಬೋರ್ಡುಗಳನ್ನು ಒಬ್ಬರೇ ನೋಡಬಹುದು. ಒಂದು ಮಗು ಬರದಿದ್ದರೆ ಜೋಡಿ ತಪ್ಪುತ್ತದೆ, ಆಗ ನೀವೇ ಕೂರಿ.

ಶಾಲೆಯಲ್ಲೇ ತರಗತಿ ನಡೆಸುವುದಾದರೆ, ಆ ಮಾತನ್ನು ಶಾಲೆಯ ವೇಳಾಪಟ್ಟಿ ಸಿದ್ಧವಾಗುವ ಮೊದಲೇ, ಮೇ ತಿಂಗಳಲ್ಲಿ ಮುಗಿಸಿ. ಹಣ ಶಾಲೆಯ ಮೂಲಕ ಬರುವುದೋ ಪೋಷಕರಿಂದಲೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಪರೀಕ್ಷೆಯ ಮಾರ್ಚ್‌ನಲ್ಲಿ ಮಕ್ಕಳು ಕಡಿಮೆಯಾಗುವುದು ಖಂಡಿತ, ಆ ತಿಂಗಳ ಆದಾಯವನ್ನು ನೆಚ್ಚಬೇಡಿ.