ಬಾಡಿಗೆ ಮನೆಗೆ ಗುರುತಿನ ದಾಖಲೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗೆ ಮನೆ ಹಿಡಿಯುವವರಿಗೂ ಕೊಡುವವರಿಗೂ ಸೇರಿದ್ದು. ಮನೆಗೆ ಬರುವವರು ಯಾರೆಂದು ಮಾಲೀಕರು ಕೇಳುವುದು ನ್ಯಾಯ, ಬಾಡಿಗೆದಾರರು ಅದಕ್ಕೆ ದಾಖಲೆ ತೋರಿಸುವುದೂ ನ್ಯಾಯ. ಆದರೆ ಯಾರಿಗೆ, ಯಾವ ಹಂತದಲ್ಲಿ, ಎಷ್ಟು ಕೊಡಬೇಕು ಎಂಬುದನ್ನು ಇಬ್ಬರೂ ಬಿಗಿಯಾಗಿ ಪಾಲಿಸಬೇಕು.

ಮನೆ ನೋಡುವ ಮೊದಲು

ಬ್ರೋಕರ್‌ಗೆ ಆಧಾರ್, ಪ್ಯಾನ್, ಸಂಬಳದ ಚೀಟಿಯನ್ನು ವಾಟ್ಸಾಪ್ ಮಾಡಬೇಡಿ. "ಓನರ್ ಕೇಳ್ತಿದ್ದಾರೆ, ಕಳಿಸಿದ್ರೆ ಮನೆ ತೋರಿಸ್ತೀನಿ" ಎನ್ನುವ ಮಾತಿಗೆ ಮಣಿಯಬೇಡಿ. ನಾಲ್ಕು ಮನೆ ನೋಡಿ ಒಂದನ್ನು ಹಿಡಿದರೆ, ಉಳಿದ ಮೂರು ಮನೆಗಳಿಗೆಂದು ಕಳಿಸಿದ ಪ್ರತಿಗಳು ಯಾರ ಫೋನಿನಲ್ಲಿ ಉಳಿದವೆಂದು ನಿಮಗೆ ಗೊತ್ತಾಗುವುದೇ ಇಲ್ಲ. ಹೆಸರು, ಊರು, ಕೆಲಸ, ಮನೆಯಲ್ಲಿ ಎಷ್ಟು ಜನ ಎಂದು ಹೇಳಿ. ಈ ಹಂತಕ್ಕೆ ಅಷ್ಟು ಸಾಕು. ದಾಖಲೆ ಕೊಡುವುದು ಮನೆ ಒಪ್ಪಿಗೆಯಾಗಿ, ಮಾಲೀಕರೊಂದಿಗೆ ನೇರವಾಗಿ ಮಾತನಾಡಿದ ಮೇಲೆ.

ಆಧಾರ್ ಕೊಡುವಾಗ

ಪೂರ್ಣ ಸಂಖ್ಯೆ ಕಾಣುವ ಆಧಾರ್ ಕೊಡಬೇಡಿ. ಮಾಸ್ಕ್ಡ್ ಆಧಾರ್ ಕೊಡಿ. myaadhaar.uidai.gov.in ತಾಣದಲ್ಲಿ ನಿಮ್ಮ ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಹೋಗಿ, ಆಧಾರ್ ಡೌನ್‌ಲೋಡ್ ಮಾಡುವ ಪುಟದಲ್ಲಿ ಮಾಸ್ಕ್ಡ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಸಿಗುವ ಪ್ರತಿಯಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಹೆಸರು, ಫೋಟೊ, ವಿಳಾಸ ಎಲ್ಲ ಇರುತ್ತವೆ.

ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಅದು ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ, SURE1990 ಎಂಬ ಮಾದರಿಯಲ್ಲಿ. ನಿಮ್ಮ ಹೆಸರು, ವಯಸ್ಸು ಬಲ್ಲವರಿಗೆ ಅದನ್ನು ತೆರೆಯುವುದು ಕಷ್ಟವಲ್ಲ. ಆದ್ದರಿಂದ ಮುದ್ರಿಸಿ, ಅಡ್ಡಲಾಗಿ "ಇಂಥ ವಿಳಾಸದ ಮನೆಯ ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ ಕೊಡಿ. ಬರಹ ಫೋಟೊ ಮತ್ತು ಹೆಸರಿನ ಮೇಲೆ ಹಾದುಹೋಗಲಿ, ಆದರೆ ಅವು ಓದಲು ಬರುವಂತಿರಲಿ. ಅಂಚಿನಲ್ಲಿ ಬರೆದದ್ದನ್ನು ಕತ್ತರಿಸಿ ಹಾಕಲು ಒಂದು ನಿಮಿಷ ಸಾಕು.

ಒಟಿಪಿಯನ್ನು ಯಾರಿಗೂ ಹೇಳಬೇಡಿ. ಕರಾರಿಗೆ ಆನ್‌ಲೈನ್‌ನಲ್ಲಿ ಆಧಾರ್ ಮೂಲಕ ಸಹಿ ಹಾಕಬೇಕಾಗಿ ಬಂದರೆ, ಒಟಿಪಿಯನ್ನು ನೀವೇ, ನಿಮ್ಮ ಕಣ್ಣೆದುರಿನ ಪುಟದಲ್ಲಿ, ಕರಾರನ್ನು ಪೂರ್ತಿ ಓದಿದ ಮೇಲೆ ಹಾಕಿ. ಫೋನಿನಲ್ಲಿ "ನಂಬರ್ ಹೇಳಿ, ವೆರಿಫೈ ಮಾಡ್ತೀವಿ" ಎಂದವರು ಮಾಲೀಕರೇ ಆಗಿದ್ದರೂ ಹೇಳಬೇಡಿ.

ಮಾಲೀಕರಿಗೆ

ಜೆರಾಕ್ಸ್ ಪ್ರತಿ ಇಟ್ಟುಕೊಂಡರೆ ಪರಿಶೀಲನೆ ಆಯಿತೆಂದು ತಿಳಿಯಬೇಡಿ. ಕಾರ್ಡಿನ ಮೇಲಿನ ಹೆಸರು, ಫೋಟೊ ತಿದ್ದುವುದು ಸುಲಭ, ಕ್ಯುಆರ್ ಕೋಡಿನೊಳಗಿನ ವಿವರ ತಿದ್ದುವುದು ಸುಲಭವಲ್ಲ. ಅದಕ್ಕೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಪ್ರಾಧಿಕಾರದ್ದೇ ಆಪ್‌ನಿಂದ ಸ್ಕ್ಯಾನ್ ಮಾಡಿ, ತೆರೆಯ ಮೇಲೆ ಬರುವ ಹೆಸರು ಮತ್ತು ಫೋಟೊವನ್ನು ಎದುರಿಗೆ ಕುಳಿತವರೊಂದಿಗೆ ಹೋಲಿಸಿ. ಈ ಸುರಕ್ಷಿತ ಕ್ಯುಆರ್‌ನಲ್ಲೂ ಆಧಾರಿನ ಕೊನೆಯ 4 ಅಂಕಿಗಳೇ ಇರುವುದು. ಹೀಗಾಗಿ ಗುರುತು ದೃಢಪಡಿಸಿಕೊಳ್ಳಲು ಪೂರ್ಣ ಸಂಖ್ಯೆ ನಿಮಗೆ ಬೇಕಾಗಿಯೇ ಇಲ್ಲ. "ಆಧಾರೇ ಕೊಡಬೇಕು, ಇಲ್ಲದಿದ್ದರೆ ಮನೆ ಇಲ್ಲ" ಎಂದು ಪಟ್ಟು ಹಿಡಿಯಬೇಡಿ. ಪಾಸ್‌ಪೋರ್ಟ್, ಮತದಾರರ ಚೀಟಿ, ಚಾಲನಾ ಪರವಾನಗಿಯೂ ಗುರುತೇ.

ಟೋಕನ್ ಮತ್ತು ಅಸೋಸಿಯೇಷನ್ ಒಪ್ಪಿಗೆ

ಬಾಡಿಗೆದಾರರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಹುಬ್ಬಳ್ಳಿಯಿಂದ ಬಂದ ಮೂವರು ಯುವಕರು ಯಲಹಂಕದಲ್ಲಿ ತಿಂಗಳಿಗೆ 28,000 ರೂಪಾಯಿಗೆ ಮನೆ ಒಪ್ಪುತ್ತಾರೆ. ಮುಂಗಡ 1,50,000. ಅದರಲ್ಲಿ 25,000 ಟೋಕನ್ ಎಂದು ಅದೇ ಸಂಜೆ ಹಾಕುತ್ತಾರೆ. ವಾರದ ಮೇಲೆ ಅಸೋಸಿಯೇಷನ್‌ನವರು "ಈ ಬ್ಲಾಕಿನಲ್ಲಿ ಬ್ಯಾಚುಲರ್‌ಗಳಿಗೆ ಇಲ್ಲ" ಎನ್ನುತ್ತಾರೆ. ಮಾಲೀಕರು ತಾವು ಒಪ್ಪಿದ್ದೆವು, ತಮ್ಮ ತಪ್ಪಿಲ್ಲ ಎನ್ನುತ್ತಾರೆ. ಬ್ರೋಕರ್ ಫೋನ್ ಎತ್ತುವುದಿಲ್ಲ. ಬರಹದಲ್ಲಿ ಏನೂ ಇಲ್ಲವಾದ್ದರಿಂದ ಆ 25,000 ವಾಪಸ್ ಪಡೆಯಲು ಹುಡುಗರು ಅಲೆಯಬೇಕಾಗುತ್ತದೆ.

ಟೋಕನ್ ಹಾಕುವ ಮೊದಲು ಮಾಲೀಕರಿಗೆ ಈ ಸಂದೇಶ ಕಳಿಸಿ, "ಸರಿ" ಎಂಬ ಉತ್ತರ ತರಿಸಿಕೊಳ್ಳಿ: "ಇಂಥ ಫ್ಲಾಟಿಗೆ 25,000 ಟೋಕನ್ ಕೊಡುತ್ತಿದ್ದೇವೆ. ನಾವು ಮೂವರು, ಅವಿವಾಹಿತರು. ಏಳು ದಿನದೊಳಗೆ ಅಸೋಸಿಯೇಷನ್ ಒಪ್ಪಿಗೆ ಸಿಗದಿದ್ದರೆ ಪೂರ್ತಿ ಹಣ ಹಿಂತಿರುಗಿಸಬೇಕು." ಹಣವನ್ನು ಮಾಲೀಕರ ಖಾತೆಗೇ ಹಾಕಿ, ಬ್ರೋಕರ್ ಖಾತೆಗೆ ಬೇಡ. ಇರುವವರ ಸಂಖ್ಯೆಯನ್ನು ಮುಚ್ಚಿಡಬೇಡಿ. ಇಬ್ಬರೆಂದು ಹೇಳಿ ನಾಲ್ವರು ಬಂದರೆ ಈ ಬರಹ ನಿಮ್ಮ ರಕ್ಷಣೆಗೆ ಬರುವುದಿಲ್ಲ.

ಅಸೋಸಿಯೇಷನ್‌ಗೆ ಅರ್ಜಿ ಹಾಕುವ ಹೊಣೆ ಮಾಲೀಕರದು, ಏಕೆಂದರೆ ಅದರ ಸದಸ್ಯರು ಅವರು. ಇರುವವರ ಹೆಸರು, ಫೋನ್, ವಾಹನ ಸಂಖ್ಯೆ, ಕರಾರು ಆಗಿದೆ ಎಂಬುದಕ್ಕೆ ಪುರಾವೆ, ಇಷ್ಟು ಅಸೋಸಿಯೇಷನ್‌ಗೆ ಸಾಕು. ಕರಾರಿನ ಪ್ರತಿ ಕೊಡುವಾಗ ಬಾಡಿಗೆ, ಮುಂಗಡದ ಮೊತ್ತ ಮುಚ್ಚಿ ಕೊಡಿ. ಸಂಬಳದ ಚೀಟಿ, ಮದುವೆ ಪ್ರಮಾಣಪತ್ರ, ಜಾತಿ, ಊಟದ ಪದ್ಧತಿ ಕೇಳಿದರೆ, ಯಾವ ಉಪವಿಧಿಯಲ್ಲಿದೆ ತೋರಿಸಿ ಎಂದು ಮಾಲೀಕರ ಮೂಲಕ ಬರಹದಲ್ಲಿ ಕೇಳಿ. ಇಂಥ ಪ್ರಶ್ನೆ ಕೇಳುವುದು ಭದ್ರತೆಯ ಕೆಲಸವಲ್ಲ, ಮನುಷ್ಯರನ್ನು ಜರಡಿ ಹಿಡಿಯುವ ಕೆಲಸ. ಮುಂಬೈಯ ಸಹಕಾರಿ ಹೌಸಿಂಗ್ ಸೊಸೈಟಿಗಳಲ್ಲಿರುವ ನಮ್ಮವರು ಗಮನಿಸಬೇಕು: ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಬಾಡಿಗೆಗೆ ಕೊಡಲು ಸೊಸೈಟಿಯ ಪೂರ್ವಾನುಮತಿ ಬೇಕಿಲ್ಲ, 8 ದಿನ ಮುಂಚೆ ತಿಳಿಸಿದರೆ ಸಾಕು.

ಪೊಲೀಸ್ ಠಾಣೆಗೆ

ಬಾಡಿಗೆದಾರರ ವಿವರವನ್ನು ಮನೆ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಆ ಠಾಣೆಗೆ ಮಾಲೀಕರೇ ಸಲ್ಲಿಸಿ. ಸ್ವೀಕೃತಿ ಪಡೆದು, ಅದರ ಒಂದು ಪ್ರತಿಯನ್ನು ಬಾಡಿಗೆದಾರರಿಗೆ ಕೊಡಿ. ಇದನ್ನು ಸೆಕ್ಯುರಿಟಿಗೋ ಬ್ರೋಕರ್‌ಗೋ ಒಪ್ಪಿಸಬೇಡಿ. ಪೊಲೀಸ್ ಆಯುಕ್ತರು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ಮಾಹಿತಿ ಕೊಡಬೇಕೆಂದು ಆದೇಶ ಹೊರಡಿಸಿದ ಕಡೆ, ಅದನ್ನು ಮೀರಿದರೆ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಮಾಲೀಕರ ಮೇಲೆಯೇ ಪ್ರಕರಣವಾಗುತ್ತದೆ. ಠಾಣೆಯ ಸ್ವೀಕೃತಿಯನ್ನು ನಡತೆ ಪ್ರಮಾಣಪತ್ರ ಎಂದು ಭಾವಿಸಬೇಡಿ. ವಿವರ ಸಲ್ಲಿಕೆಯಾಗಿದೆ ಎಂಬುದಷ್ಟೇ ಅದರ ಅರ್ಥ.

ಮಾಲೀಕರ ಗುರುತು

ಬಾಡಿಗೆದಾರರೂ ಕೇಳಬೇಕು, ಸಂಕೋಚಪಡಬೇಡಿ. ಆಸ್ತಿ ತೆರಿಗೆ ರಶೀದಿ ಅಥವಾ ಇ-ಖಾತಾ ಮತ್ತು ಮಾಲೀಕರ ಗುರುತಿನ ಚೀಟಿ, ಇವೆರಡರ ಹೆಸರು ಒಂದೇ ಇರಬೇಕು. ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರೂ ಅದೇ ಆಗಿರಬೇಕು. ಮಗ ಅಥವಾ ಅಳಿಯ ಬಂದು ಕರಾರು ಮಾಡಿದರೆ ಅಧಿಕಾರ ಪತ್ರ ನೋಡದೆ ಸಹಿ ಹಾಕಬೇಡಿ. ವಿದ್ಯುತ್ ಬಿಲ್ಲೊಂದನ್ನೇ ನೆಚ್ಚಬೇಡಿ, ಮನೆ ಮಾರಿದ ಮೇಲೂ ಅದರಲ್ಲಿ ಹಳೆಯ ಹೆಸರು ಉಳಿದಿರಬಹುದು. ಲಕ್ಷಾಂತರ ರೂಪಾಯಿ ಕೊಟ್ಟು ಭೋಗ್ಯಕ್ಕೆ ಹಿಡಿಯುವವರು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮನೆ ಬಿಡುವ ದಿನ

ಗೇಟಿನ ಆಪ್‌ನಿಂದ ನಿಮ್ಮ ಹೆಸರು, ಮನೆಯವರ ಮತ್ತು ಕೆಲಸದವರ ಹೆಸರು, ವಾಹನ ಸಂಖ್ಯೆ ತೆಗೆಸಿ. ಕೊಟ್ಟ ಗುರುತಿನ ಪ್ರತಿಗಳನ್ನು ವಾಪಸ್ ಕೇಳಿ. ಮಾಲೀಕರು ಕರಾರಿನ ಮೂಲಪ್ರತಿಯನ್ನು ತಮ್ಮ ದಾಖಲೆಗೆ ಇಟ್ಟುಕೊಳ್ಳಲಿ, ಫೋನಿನಲ್ಲಿರುವ ಬಾಡಿಗೆದಾರರ ಚೀಟಿಗಳ ಚಿತ್ರಗಳನ್ನು ಅಳಿಸಲಿ, ಬಾಡಿಗೆದಾರರು ಮನೆ ಬಿಟ್ಟರೆಂದು ಠಾಣೆಗೆ ಬರಹದಲ್ಲಿ ತಿಳಿಸಲಿ.