ಗ್ರಾಮದ ನಕ್ಷೆಯನ್ನು ನೆಲಕ್ಕೆ ಕೂರಿಸುವ ಬಗೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮವರ ಮನೆಗಳಲ್ಲಿ ಪಟ್ಟಾದ ಜೊತೆಗೆ ಗ್ರಾಮದ ನಕ್ಷೆಯ ಹಾಳೆಯೊಂದು ಮಡಿಸಿಟ್ಟಿರುವುದುಂಟು. ಈಗ ಅದನ್ನು ಸ್ಕ್ಯಾನ್ ಮಾಡಿಸಿ, ಗಣಕಯಂತ್ರದಲ್ಲಿ ಉಪಗ್ರಹದ ಚಿತ್ರದ ಮೇಲೆ ಹೊಂದಿಸಿ, "ಇಗೋ ನಮ್ಮ ಗಡಿ" ಎಂದು ತೋರಿಸುವ ಹುಡುಗರು ಪ್ರತಿ ಊರಿನಲ್ಲಿಯೂ ಇದ್ದಾರೆ. ಈ ಕೆಲಸ ಕಷ್ಟವೇನಲ್ಲ. ಆದರೆ ಕೂರಿಸಿದ ನಕ್ಷೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವುದನ್ನು ಬಲ್ಲವರು ಕಡಿಮೆ. ನಾವೇ ಒಮ್ಮೆ ಮೋಸಹೋಗುವುದರಲ್ಲಿದ್ದೆವು. ಆ ಸಂಗತಿಯನ್ನೇ ಪಾಠವಾಗಿ ಇಲ್ಲಿ ಹೇಳುತ್ತೇವೆ.

ಪಲ್ಲಡಂ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸ್ನೇಹಿತರೊಬ್ಬರಿಗೆ ಊರಿನ ಈಶಾನ್ಯ ಮೂಲೆಯ ಹತ್ತಿರ ಜಮೀನಿದೆ. ಪೂರ್ವದ ಗಡಿಯ ಉದ್ದ ನೂರು ಮೀಟರು. ಅಣ್ಣತಮ್ಮಂದಿರು ಪಾಲಾದ ಮೇಲೆ ಆ ಗಡಿಗೆ ತಂತಿಬೇಲಿ ಹಾಕಿ ತೆಂಗಿನ ಸಾಲು ಇಡಬೇಕೆಂದಿದ್ದರು. ಬಾಂದು ಕಲ್ಲುಗಳಲ್ಲಿ ಎರಡು ಕಾಣೆಯಾಗಿದ್ದವು. ನಕ್ಷೆಯಿಂದ ಜಾಗ ಹುಡುಕಿಕೊಡಿರೆಂದು ನಮ್ಮನ್ನು ಕೇಳಿದರು.

ನಮಗೆ ಸಿಕ್ಕಿದ ಹಾಳೆ ಒಂದಕ್ಕೆ ಐದು ಸಾವಿರದ ಪ್ರಮಾಣದ್ದು, ಎಂದರೆ ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ಐದು ಮೀಟರು. ಸರ್ವೆ ನಂಬರು, ಕಲ್ಲು, ಹಳ್ಳ, ಬಾವಿ, ಸುತ್ತಲಿನ ಊರುಗಳ ಹೆಸರು ಎಲ್ಲವೂ ಅದರಲ್ಲಿದ್ದವು; ಅಕ್ಷಾಂಶ ರೇಖಾಂಶ ಮಾತ್ರ ಇರಲಿಲ್ಲ. ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿದೆವು. ಅಂಗುಲವೆಂದರೆ 25.4 ಮಿಲಿಮೀಟರು, ಅದನ್ನು 300ರಿಂದ ಭಾಗಿಸಿ 5,000ದಿಂದ ಗುಣಿಸಿದರೆ ಒಂದು ಚುಕ್ಕೆ ನೆಲದ ಮೇಲೆ ಸುಮಾರು 0.42 ಮೀಟರು ಎಂದಾಗುತ್ತದೆ. ಈ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಮುಂದೆ ಇದು ಸಾಕ್ಷಿಯಾಗಿ ಬರುತ್ತದೆ.

ನಕ್ಷೆಯನ್ನು ಕೂರಿಸಲು ಹಾಳೆಯಲ್ಲಿಯೂ ನೆಲದಲ್ಲಿಯೂ ಗುರುತು ಸಿಕ್ಕುವ ಬಿಂದುಗಳು ಬೇಕು. ಇವನ್ನು ಆಧಾರ ಬಿಂದುಗಳೆನ್ನೋಣ. ಎಲ್ಲಕ್ಕಿಂತ ಉತ್ತಮವಾದದ್ದು ಮೂರು ಊರುಗಳ ಗಡಿ ಕೂಡುವ ಕಲ್ಲು. ಅದರ ನಂತರ ಹೊಲದ ಮೂಲೆಯ ಬಾಂದು ಕಲ್ಲು, ಆಮೇಲೆ ಕಲ್ಲುಕಟ್ಟಡದ ಹಳೆಯ ಬಾವಿಯ ಮೂಲೆ. ರಸ್ತೆಯ ತಿರುವು, ಹಳ್ಳದ ಬಾಗು ಇವನ್ನು ಹಿಡಿಯಬಾರದು. ನಕ್ಷೆ ಬರೆದಂದಿನಿಂದ ರಸ್ತೆ ಅಗಲವಾಗಿರುತ್ತದೆ, ಹಳ್ಳ ಮಗ್ಗುಲು ಬದಲಿಸಿರುತ್ತದೆ.

ಅದೃಷ್ಟಕ್ಕೆ ಆ ಊರು ಹೆಚ್ಚು ಕಡಿಮೆ ಚೌಕವಾಗಿದ್ದು, ನಾಲ್ಕು ಮೂಲೆಗಳಲ್ಲಿಯೂ ಗಡಿಕಲ್ಲುಗಳಿದ್ದವು. ಸರ್ವೆ ಕೆಲಸಕ್ಕೆ ಬಳಸುವ ಜಿಪಿಎಸ್ ಉಪಕರಣವನ್ನು ಎರವಲು ತಂದು ಒಂದೊಂದು ಕಲ್ಲಿನ ಮೇಲೂ ಇಟ್ಟು ಸ್ಥಾನ ಬರೆದುಕೊಂಡೆವು. ಜೇಬಿನ ಫೋನು ಬಯಲಿನಲ್ಲಿಯೇ ಐದು ಮೀಟರಿನಷ್ಟು ಆಚೀಚೆ ತೋರಿಸಬಹುದಾದ್ದರಿಂದ ಅದನ್ನು ನಂಬಲಿಲ್ಲ.

ಅಳತೆ ಮೀಟರಿನಲ್ಲಿ ಸಿಗಬೇಕಾದರೆ ಅಕ್ಷಾಂಶ ರೇಖಾಂಶವನ್ನು ಚೌಕುಳಿ ಅಂಕಿಗಳಿಗೆ ತಿರುಗಿಸಬೇಕು. ಕೊಯಮತ್ತೂರು, ತಿರುಪ್ಪೂರು ಎರಡು ಜಿಲ್ಲೆಗಳೂ 78 ಡಿಗ್ರಿ ರೇಖಾಂಶಕ್ಕೆ ಪಶ್ಚಿಮದಲ್ಲಿರುವುದರಿಂದ ಯುಟಿಎಂ ಪದ್ಧತಿಯ 43ನೆಯ ವಲಯಕ್ಕೆ ಸೇರುತ್ತವೆ. ಗಣಕದಲ್ಲಿ ಅದರ ಗುರುತು EPSG:32643. ಪಲ್ಲಡದ ಸುತ್ತಮುತ್ತ ಪೂರ್ವಾಂಕ ಸುಮಾರು 7,51,000, ಉತ್ತರಾಂಕ ಸುಮಾರು 12,17,000 ಬರುತ್ತದೆ. ನಿಮ್ಮ ಅಂಕಿ ಇದಕ್ಕೆ ತೀರ ದೂರವಿದ್ದರೆ ವಲಯ ತಪ್ಪಿದೆ, ಇಲ್ಲವೇ ಎರಡು ಅಂಕಿಗಳು ಅದಲುಬದಲಾಗಿವೆ ಎಂದು ತಿಳಿಯಿರಿ.

QGIS ಎಂಬ ಬೆಲೆಯಿಲ್ಲದ ತಂತ್ರಾಂಶದಲ್ಲಿ Georeferencer ತೆರೆದು, ಹಾಳೆಯ ಮೇಲಿನ ಕಲ್ಲನ್ನು ಒತ್ತಿ, ಅದರ ಸ್ಥಾನದ ಅಂಕಿಗಳನ್ನು ಬರೆದೆವು. ಹೀಗೆ ನಾಲ್ಕು ಬಾರಿ. ಹೊಂದಿಕೆಯ ಬಗೆ ಯಾವುದೆಂದು ಕೇಳಿದಾಗ Polynomial 1 ಎಂಬುದನ್ನು ಆರಿಸಿದೆವು. ಇದು ಹಾಳೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಉದ್ದವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹಿಗ್ಗಿಸುತ್ತದೆ, ಬೇಕಾದರೆ ತುಸು ಓರೆ ಮಾಡುತ್ತದೆ. ಆದರೆ ನೆಟ್ಟಗಿರುವ ಗೆರೆಯನ್ನು ಬಗ್ಗಿಸುವುದಿಲ್ಲ. ಹಳೆಯ ಕಾಗದ ಉದ್ದಕ್ಕೊಂದು ಬಗೆ, ಅಗಲಕ್ಕೊಂದು ಬಗೆ ಕುಗ್ಗಿರುವುದರಿಂದ ಇದೇ ತಕ್ಕದ್ದು. ಇದಕ್ಕೆ ಮೂರು ಬಿಂದುಗಳು ಸಾಕು. ನಾಲ್ಕನೆಯದು ಬಂದಾಗಲೇ ತಾಳೆ ನೋಡಲು ಅವಕಾಶವಾಗುತ್ತದೆ.

ಹೊಂದಿಕೆಯಾದ ಮೇಲೂ ಪ್ರತಿ ಬಿಂದುವಿನಲ್ಲಿ ಹಾಳೆಯ ಕಲ್ಲಿಗೂ ನೆಲದ ಕಲ್ಲಿಗೂ ನಡುವೆ ಸ್ವಲ್ಪ ಅಂತರ ಉಳಿಯುತ್ತದೆ. ಅದನ್ನು ಉಳಿಕೆ ಎನ್ನೋಣ. ತಂತ್ರಾಂಶ ಅದನ್ನು ಚುಕ್ಕೆಗಳ ಲೆಕ್ಕದಲ್ಲಿ ತೋರಿಸಿತು: ನಾಲ್ಕರಲ್ಲಿಯೂ ಸುಮಾರು ಹನ್ನೆರಡು ಚುಕ್ಕೆ, ಎಂದರೆ ಐದೈದು ಮೀಟರು. (ವಿಷಯ ತಿಳಿಯಾಗಲೆಂದು ಇಲ್ಲಿಯ ಅಂಕಿಗಳನ್ನು ದುಂಡಾಗಿಸಿದ್ದೇವೆ.) ಎಲ್ಲ ಕಡೆಯೂ ಒಂದೇ ಸಮನಾಗಿ ಐದು ಮೀಟರು ಬಂದದ್ದನ್ನು ಕಂಡು, "ಹಳೆಯ ಕಾಗದ, ಇಷ್ಟು ಇರುವುದೇ" ಎಂದುಕೊಂಡೆವು. ಬೇಲಿಯ ಕಂಬಗಳು ಆಗಲೇ ಗಾಡಿಯಲ್ಲಿ ಬಂದು ಬಿದ್ದಿದ್ದವು.

ನಮ್ಮನ್ನು ತಡೆದದ್ದು ಆ ಸಮಾನತೆಯೇ. ಉಳಿಕೆಯ ದಿಕ್ಕನ್ನು ನೋಡಿದೆವು. ಈಶಾನ್ಯ ಮತ್ತು ನೈಋತ್ಯ ಮೂಲೆಗಳಲ್ಲಿ ಪೂರ್ವಕ್ಕೆ, ವಾಯವ್ಯ ಮತ್ತು ಆಗ್ನೇಯ ಮೂಲೆಗಳಲ್ಲಿ ಪಶ್ಚಿಮಕ್ಕೆ. ಎದುರುಬದುರು ಮೂಲೆಗಳು ಒಂದು ಕಡೆಗೆ, ಉಳಿದೆರಡು ಇನ್ನೊಂದು ಕಡೆಗೆ. ಕಾಗದ ಕುಗ್ಗಿದ್ದರಿಂದ ಹೀಗೆ ಬರುವಂತಿಲ್ಲ. ಅದನ್ನು ಹೊಂದಿಕೆಯೇ ಸರಿಪಡಿಸಿರುತ್ತದೆ.

ಇದರ ಮರ್ಮ ಇಷ್ಟು. ಚೌಕದ ನಾಲ್ಕು ಮೂಲೆಗಳಿಂದ ಈ ಬಗೆಯ ಹೊಂದಿಕೆ ಮಾಡಿದಾಗ, ಒಂದು ಮೂಲೆಯಲ್ಲಿ ತಪ್ಪಿದ್ದರೆ ಲೆಕ್ಕವು ಅದನ್ನು ನಾಲ್ವರಿಗೂ ಸಮನಾಗಿ ಹಂಚಿಬಿಡುತ್ತದೆ. ಒಂದು ಕಲ್ಲು ಇಪ್ಪತ್ತು ಮೀಟರು ತಪ್ಪಿದ್ದರೆ ನಾಲ್ಕರಲ್ಲಿಯೂ ಕಾಲುಭಾಗ, ಐದೈದು ಮೀಟರು ಕಾಣುತ್ತದೆ. ಮಿಕ್ಕ ಮುಕ್ಕಾಲು ಭಾಗ ಎಲ್ಲಿ ಹೋಯಿತು? ಅದು ನಕ್ಷೆಯೊಳಕ್ಕೆ ಹೋಗಿದೆ. ತಪ್ಪಿದ ಮೂಲೆಯಲ್ಲಿ ನಕ್ಷೆ ನಿಜವಾಗಿ ಹದಿನೈದು ಮೀಟರು ಸರಿದಿರುತ್ತದೆ. ಪಟ್ಟಿಯಲ್ಲಿ ಮಾತ್ರ ಐದೇ ಎಂದಿರುತ್ತದೆ. ಯಾವ ಮೂಲೆ ತಪ್ಪೆಂಬುದನ್ನು ಆ ನಾಲ್ಕು ಅಂಕಿಗಳಿಂದ ಯಾರೂ ಹೇಳಲಾರರು.

ಆದುದರಿಂದ ಮರುದಿನ ಇನ್ನೂ ಐದು ಕಲ್ಲುಗಳನ್ನು ಹುಡುಕಿ ಅಳೆದೆವು: ನಾಲ್ಕು ಅಂಚುಗಳ ನಡುವೆ ಒಂದೊಂದು, ಊರಿನ ಮಧ್ಯದಲ್ಲಿ ಒಂದು. ಒಂಬತ್ತು ಬಿಂದುಗಳಿಂದ ಮತ್ತೆ ಹೊಂದಿಸಿದಾಗ ಚಿತ್ರ ಬದಲಾಯಿತು. ಈಶಾನ್ಯದ ಕಲ್ಲಿನಲ್ಲಿ ಉಳಿಕೆ ಹನ್ನೊಂದು ಮೀಟರಿಗೆ ಏರಿತು. ಅದರ ಎರಡು ಮಗ್ಗುಲಿನ ಅಂಚುಗಳಲ್ಲಿ ಐದೂವರೆ, ಅದೂ ವಿರುದ್ಧ ದಿಕ್ಕಿಗೆ. ಎದುರು ಮೂಲೆಯಲ್ಲಿ ನಾಲ್ಕೂವರೆ. ಉಳಿದ ಕಡೆ ಒಂದೆರಡು ಮೀಟರು. ವಿಚಿತ್ರವೇನೆಂದರೆ, ಒಂಬತ್ತರ ವರ್ಗಗಳನ್ನು ಕೂಡಿಸಿ, ಒಂಬತ್ತರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಬಂದದ್ದು ಮತ್ತೆ ಐದೇ ಮೀಟರು. ಸರಾಸರಿ ಒಂದೇ, ಆದರೆ ಮೊದಲು ಅಡಗಿದ್ದ ತಪ್ಪು ಈಗ ತಲೆಯೆತ್ತಿ ನಿಂತಿತ್ತು. ಬರಿಯ ಸರಾಸರಿಯನ್ನು ನೋಡಿ ನಕ್ಷೆಯನ್ನು ಒಪ್ಪಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅನುಮಾನ ಬಂದ ಬಿಂದುವನ್ನು ಒಡನೆಯೇ ಅಳಿಸಬಾರದು. ಅದನ್ನು ಲೆಕ್ಕದಿಂದ ಹೊರಗಿಟ್ಟು, ಮಿಕ್ಕವುಗಳಿಂದ ಹೊಂದಿಸಿ, ಅವು ಆ ಕಲ್ಲು ಎಲ್ಲಿರಬೇಕೆನ್ನುತ್ತವೆ ಎಂದು ನೋಡಬೇಕು. ಎಂಟು ಬಿಂದುಗಳು ಹೇಳಿದ ಜಾಗ ಕಲ್ಲು ಈಗ ನಿಂತಿರುವಲ್ಲಿಂದ ಪಶ್ಚಿಮಕ್ಕೆ ಇಪ್ಪತ್ತು ಮೀಟರು. ನಾವು ಟೇಪು ಹಿಡಿದು ಅಲ್ಲಿ ನಿಂತಾಗ ಪಕ್ಕದ ಹೊಲದ ತಾತ ಬಂದು ಕೇಳಿದರು, "ಏನ್ ಸ್ವಾಮಿ, ಹಳೇ ಕಲ್ಲು ಹುಡುಕ್ತೀರಾ? ಅದು ಇಲ್ಲೇ ಇತ್ತಲ್ಲ. ರಸ್ತೆ ಅಗಲ ಮಾಡಿದಾಗ ಕಿತ್ತು ಆಚೆ ಬೇಲಿ ಮಗ್ಗುಲಿಗೆ ನೆಟ್ಟರು." ಕಲ್ಲು ನಿಜವಾದದ್ದೇ, ಜಾಗ ಮಾತ್ರ ಅದರದಲ್ಲ.

ಆ ದಿನ ಬೇಲಿ ಹಾಕಿದ್ದರೆ ಗೆರೆ ಹದಿನೈದು ಮೀಟರಿನಷ್ಟು ಪೂರ್ವಕ್ಕೆ ಹೋಗುತ್ತಿತ್ತು. ನೂರು ಮೀಟರು ಉದ್ದಕ್ಕೆ ಅದು 1,500 ಚದರ ಮೀಟರು. ಒಂದು ಸೆಂಟು ಸುಮಾರು 40.5 ಚದರ ಮೀಟರಾದ್ದರಿಂದ ಇದು ನೆರೆಯವರ ಮೂವತ್ತೇಳು ಸೆಂಟು ನೆಲ. ಆ ಜಗಳ ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ.

ಆ ಕಲ್ಲನ್ನು ಬಿಟ್ಟ ಮೇಲೆ ಎಂಟು ಬಿಂದುಗಳ ಉಳಿಕೆಯೂ ಎರಡೂವರೆ ಮೀಟರಿನೊಳಗೆ ಬಂತು. ಆಗ ಮೊದಲು ಬರೆದಿಟ್ಟ ಅಂಕಿಯನ್ನು ತೆಗೆದೆವು. ಒಂದು ಚುಕ್ಕೆಗೆ 0.423 ಮೀಟರು ಇರಬೇಕಾದದ್ದು ಉದ್ದದಲ್ಲಿ 0.428, ಅಗಲದಲ್ಲಿ 0.425 ಎಂದು ಬಂದಿತ್ತು. ಎಂದರೆ ಕಾಗದ ಉದ್ದದಲ್ಲಿ ಶೇಕಡ ಒಂದರಷ್ಟು, ಅಗಲದಲ್ಲಿ ಅರ್ಧಕ್ಕಿಂತ ಕಡಿಮೆ ಕುಗ್ಗಿದೆ. ಇದು ನಂಬತಕ್ಕ ಮಾತು. ಶೇಕಡ ನಾಲ್ಕೈದು ಬಂದಿದ್ದರೆ ಪ್ರಮಾಣವನ್ನೋ ಬಿಂದುಗಳನ್ನೋ ಮತ್ತೆ ಶಂಕಿಸಬೇಕಾಗಿತ್ತು.

ಇಷ್ಟಾದರೂ ಪರೀಕ್ಷೆ ಮುಗಿಯಲಿಲ್ಲ. ಹೊಂದಿಕೆಗೆ ಬಳಸಿದ ಬಿಂದುಗಳು ತಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಆದುದರಿಂದ ಲೆಕ್ಕಕ್ಕೆ ಸೇರಿಸದ ಬೇರೆ ಮೂರು ಕಲ್ಲುಗಳ ಬಳಿಗೆ ಹೋಗಿ ನೋಡಿದೆವು. ನಕ್ಷೆಗೂ ನೆಲಕ್ಕೂ ವ್ಯತ್ಯಾಸ 2, 1.5 ಮತ್ತು 3 ಮೀಟರು ಬಂತು. ವರ್ಗಗಳು 4, 2.25, 9, ಕೂಡಿದರೆ 15.25, ಮೂರರಿಂದ ಭಾಗಿಸಿದರೆ 5.08, ವರ್ಗಮೂಲ 2.25 ಮೀಟರು. ಈ ನಕ್ಷೆಯ ಯೋಗ್ಯತೆ ಇದು. ತಂತ್ರಾಂಶ ತೋರಿಸುವ ಅಂಕಿಯನ್ನಲ್ಲ, ಇದನ್ನು ಹಾಳೆಯ ಮೇಲೆ ಬರೆದಿಡಬೇಕು.

ಉಳಿಕೆಯನ್ನು ಕಡಿಮೆ ಮಾಡುವ ಅಡ್ಡದಾರಿಯೂ ಉಂಟು. Thin Plate Spline ಎಂಬ ಬಗೆಯನ್ನು ಆರಿಸಿದರೆ ಉಳಿಕೆ ಎಲ್ಲ ಕಡೆಯೂ ಸೊನ್ನೆಯಾಗುತ್ತದೆ. ಹಾಳೆಯನ್ನು ರಬ್ಬರಿನಂತೆ ಎಳೆದು ಪ್ರತಿ ಬಿಂದುವಿಗೂ ಮೊಳೆ ಹೊಡೆದಂತೆ ಅದು. ಕಿತ್ತು ನೆಟ್ಟ ಆ ಕಲ್ಲು ಲೆಕ್ಕದಲ್ಲಿ ಉಳಿದಿದ್ದರೂ ಸೊನ್ನೆಯೇ ಬರುತ್ತಿತ್ತು, ನಕ್ಷೆ ಆ ಮೂಲೆಯಲ್ಲಿ ಪೂರ್ತಿ ಇಪ್ಪತ್ತು ಮೀಟರು ತಪ್ಪುತ್ತಿತ್ತು. ಸೊನ್ನೆ ಕಂಡಲ್ಲಿ ಸಂತೋಷಪಡದೆ, ಸೇರಿಸದ ಕಲ್ಲುಗಳಲ್ಲಿ ಎಷ್ಟು ಬಂತೆಂದು ಕೇಳಬೇಕು.

ಎರಡು ಕಾಲು ಮೀಟರಿನ ನಕ್ಷೆಯಿಂದ ಏನು ಮಾಡಬಹುದು? ಕಾಣೆಯಾದ ಬಾಂದು ಕಲ್ಲನ್ನು ಎಲ್ಲಿ ಅಗೆದು ನೋಡಬೇಕೆಂದು ತಿಳಿಯಬಹುದು. ಕೊಳವೆ ಬಾವಿಯ ಜಾಗ ನಮ್ಮ ಹೊಲದ ಒಳಗೇ ಇದೆಯೆಂದು, ಗಡಿಯಿಂದ ಹತ್ತು ಮೀಟರು ಒಳಗಿದ್ದರೆ, ಧೈರ್ಯವಾಗಿ ಹೇಳಬಹುದು. ಬೇಲಿಯ ಗುಂಡಿ ತೋಡಲು ಇದು ಸಾಲದು. ಹಾಳೆಯ ಗೆರೆಯೇ ಮಿಲಿಮೀಟರಿನ ಮೂರನೆಯ ಒಂದು ಭಾಗ ದಪ್ಪವಿದ್ದರೆ ನೆಲದ ಮೇಲೆ ಒಂದೂವರೆ ಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಗಡಿಗೆ ಬೇಕಾದದ್ದು ಹೊಲದ ಅಳತೆ ಪುಸ್ತಕದ, ಅಂದರೆ ಎಫ್.ಎಂ.ಬಿ.ಯ, ನಕಲು. ಕಲ್ಲಿನಿಂದ ಕಲ್ಲಿಗೆ ಎಷ್ಟೆಂದು ಅಳೆದು ಬರೆದ ಅಂಕಿಗಳು ಅದರಲ್ಲಿರುತ್ತವೆ. ಅಂಕಿ ಕಾಗದದಂತೆ ಕುಗ್ಗುವುದಿಲ್ಲ.

ನಮ್ಮ ಸ್ನೇಹಿತರೂ ಹಾಗೆಯೇ ಮಾಡಿದರು. ಗ್ರಾಮದ ನಕ್ಷೆ ತೋರಿಸಿದ ಜಾಗದಲ್ಲಿ ಅಗೆದಾಗ ಕಾಣೆಯಾಗಿದ್ದ ಕಲ್ಲುಗಳಲ್ಲಿ ಒಂದು ಮೊಳದಾಳದಲ್ಲಿ ಸಿಕ್ಕಿತು. ಇನ್ನೊಂದರ ಜಾಗವನ್ನು ಸರ್ವೇಯರು ನೆರೆಯವರ ಎದುರಿಗೆ ಎಫ್.ಎಂ.ಬಿ.ಯ ಅಂಕಿಗಳಿಂದ ಅಳೆದು ಗುರುತಿಸಿದರು. ಕಂಬಗಳನ್ನು ಆಮೇಲೆ ನೆಟ್ಟರು.