ಎಳೆ ಸುಟ್ಟರೆ ಎಷ್ಟು ತಿಳಿಯುತ್ತದೆ?

ಹಳೆಯ ಸೀರೆ, ದುಪಟ್ಟಾಗಳಿಗೆ ಮತ್ತೆ ಬಣ್ಣ ಹಾಕಿಕೊಡುವುದು ನನ್ನ ಕೆಲಸ. ಬಟ್ಟೆ ಯಾವುದೆಂದು ತಿಳಿಯದೆ ಬಣ್ಣ ಕಲಸುವಂತಿಲ್ಲ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ಕಚ್ಚಿಕೊಳ್ಳಲು ಸೋಡಾ ಬೇಕು. ಅದೇ ಸೋಡಾ ರೇಷ್ಮೆಯ ಹೊಳಪನ್ನೂ ಗಟ್ಟಿತನವನ್ನೂ ಕೆಡಿಸುತ್ತದೆ. ರೇಷ್ಮೆಗೆ ವಿನೆಗರ್ ಹಾಕಿ ಕಾಯಿಸುವ ಆಸಿಡ್ ಬಣ್ಣ ಬೇಕು. ಪಾಲಿಯೆಸ್ಟರ್ ಇವೆರಡಕ್ಕೂ ಒಗ್ಗುವುದಿಲ್ಲ. ಮನೆಗೆ ಬರುವ ಹಳೆಯ ಬಟ್ಟೆಗಳಲ್ಲಿ ಚೀಟಿ ಇರುವುದು ಅಪರೂಪ. ಹಾಗಾಗಿ ಎಳೆ ಸುಟ್ಟು ನೋಡುವುದು ನನಗೆ ದಿನನಿತ್ಯದ ಅಭ್ಯಾಸ. ಅದರಿಂದ ಕಲಿತದ್ದು ಇಷ್ಟು.

1. ಬಟ್ಟೆಯ ತುಂಡನ್ನು ಸುಡಬೇಡಿ, ಎಳೆಯನ್ನು ಸುಡಿ

ನೇಯ್ದ ಬಟ್ಟೆಯಲ್ಲಿ ಹಾಸು ಒಂದು ನೂಲಿನದು, ಹೊಕ್ಕು ಇನ್ನೊಂದು ನೂಲಿನದು ಇರುವುದು ತೀರ ಸಾಮಾನ್ಯ. ತುಂಡನ್ನೇ ಸುಟ್ಟರೆ ಎರಡೂ ಒಟ್ಟಿಗೆ ಉರಿದು, ಬೂದಿಯೂ ಗಂಟೂ ಕಲಸಿಹೋಗಿ ಏನೂ ಅರ್ಥವಾಗುವುದಿಲ್ಲ. ಉದ್ದದ ಕಡೆಯಿಂದ ಹತ್ತಾರು ಎಳೆ, ಅಡ್ಡದ ಕಡೆಯಿಂದ ಹತ್ತಾರು ಎಳೆ ಬೇರೆ ಬೇರೆ ಬಿಡಿಸಿಕೊಂಡು, ಒಂದೊಂದನ್ನೂ ಬೆರಳುದ್ದದ ಬತ್ತಿಯಂತೆ ಹೊಸೆಯಿರಿ. ಒಂಟಿ ಎಳೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದುಹೋಗುತ್ತದೆ. ಬತ್ತಿಯಾದರೆ ನೋಡಲು ಸಮಯ ಸಿಗುತ್ತದೆ.

ಗಂಜಿ ಹಾಕಿದ ಬಟ್ಟೆಯಾಗಿದ್ದರೆ ಮೊದಲು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಇಲ್ಲದಿದ್ದರೆ ಗಂಜಿ ಉರಿದ ವಾಸನೆ ನೂಲಿನ ವಾಸನೆಯ ಮೇಲೆ ಕೂತುಬಿಡುತ್ತದೆ.

2. ಬೆಂಕಿಯ ಎದುರು ಕೂರುವ ಮುನ್ನ

ಸ್ಟೀಲ್ ತಟ್ಟೆ, ಉದ್ದ ಹಿಡಿಯ ಚಿಮಟ, ಪಕ್ಕದಲ್ಲಿ ಒಂದು ಬಟ್ಟಲು ನೀರು. ಕಿಟಕಿ ತೆರೆದಿರಲಿ, ಫ್ಯಾನ್ ನಿಂತಿರಲಿ. ಸಿಂಥೆಟಿಕ್ ಸೆರಗು, ದುಪಟ್ಟಾ ಇಳಿಬಿಟ್ಟುಕೊಂಡು ಈ ಕೆಲಸಕ್ಕೆ ಕೂರಬಾರದು. ಕರಗಿ ತೊಟ್ಟಿಕ್ಕುವ ಪಾಲಿಯೆಸ್ಟರ್ ಹನಿ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ, ಒರೆಸಿದರೆ ಹೋಗುವುದಿಲ್ಲ. ಹೊಗೆಗೆ ಮೂಗು ಒಡ್ಡಬೇಡಿ. ಉರಿ ಆರಿದ ಮೇಲೆ ಕೈಯಿಂದ ಗಾಳಿಯನ್ನು ಸ್ವಲ್ಪ ನಿಮ್ಮತ್ತ ಬೀಸಿಕೊಂಡರೆ ಸಾಕು. ಅಕ್ರಿಲಿಕ್ ಸ್ವೆಟರಿನ ನೂಲು ಎಂಬ ಅನುಮಾನವಿದ್ದರಂತೂ ವಾಸನೆ ನೋಡುವುದೇ ಬೇಡ, ಅದರ ಹೊಗೆಯಲ್ಲಿ ವಿಷಾನಿಲ ಇರುತ್ತದೆ. ಮೇಣದಬತ್ತಿಗಿಂತ ಗ್ಯಾಸ್ ಲೈಟರ್‌ನ ಜ್ವಾಲೆ ಮೇಲು, ಮೇಣದ ವಾಸನೆ ಬೆರೆಯುವುದಿಲ್ಲ.

3. ಬೆಂಕಿ ಹೇಳುವುದು ಗುಂಪನ್ನು, ಹೆಸರನ್ನಲ್ಲ

ಬತ್ತಿಯನ್ನು ಜ್ವಾಲೆಯ ಹತ್ತಿರ ನಿಧಾನವಾಗಿ ತನ್ನಿ. ಮುಟ್ಟುವ ಮೊದಲೇ ಅದು ಏನು ಮಾಡುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ಹತ್ತಿ ಅಲುಗುವುದಿಲ್ಲ, ಥಟ್ಟನೆ ಹೊತ್ತಿಕೊಂಡು ಹಳದಿ ಜ್ವಾಲೆಯಲ್ಲಿ ಉರಿಯುತ್ತದೆ. ಜ್ವಾಲೆಯಿಂದ ಹೊರಗೆಳೆದರೂ ಉರಿ ನಿಲ್ಲುವುದಿಲ್ಲ. ಊದಿ ಆರಿಸಿದರೆ ತುದಿಯಲ್ಲಿ ಕೆಂಡ ಹರಿದಾಡುತ್ತಿರುತ್ತದೆ. ವಾಸನೆ ಕಾಗದ ಸುಟ್ಟಂತೆ, ಉಳಿಯುವುದು ಮೆತ್ತಗಿನ ಬೂದಿ. ಲಿನನ್, ಸೆಣಬು, ರೇಯಾನ್ ಎಲ್ಲವೂ ಹೆಚ್ಚುಕಡಿಮೆ ಹೀಗೆಯೇ.

ರೇಷ್ಮೆ, ಉಣ್ಣೆ ಬೆಂಕಿಗೆ ಹೆದರಿದಂತೆ ಮುದುರಿಕೊಳ್ಳುತ್ತವೆ. ಸಿಡಿಸಿಡಿ ಎನ್ನುತ್ತ ನಿಧಾನವಾಗಿ ಉರಿದು, ಜ್ವಾಲೆಯಿಂದ ತೆಗೆದರೆ ಸಾಮಾನ್ಯವಾಗಿ ತಾವೇ ಆರುತ್ತವೆ. ಕೂದಲು ಸುಟ್ಟ ವಾಸನೆ. ತುದಿಯಲ್ಲಿ ಕಪ್ಪು ಗಂಟು ಉಳಿಯುತ್ತದೆ. ತಣ್ಣಗಾದ ಮೇಲೆ ಬೆರಳಲ್ಲಿ ಹಿಸುಕಿದರೆ ಪುಡಿ.

ಪಾಲಿಯೆಸ್ಟರ್, ನೈಲಾನ್ ಕೂಡ ಮುದುರಿಕೊಳ್ಳುತ್ತವೆ, ಆದರೆ ಕರಗುತ್ತವೆ. ತಣ್ಣಗಾದ ಮೇಲೆ ಉಳಿಯುವ ಗಂಟು ಗಟ್ಟಿ, ಉಗುರಿನಿಂದ ಒತ್ತಿದರೂ ಪುಡಿಯಾಗದು. ರೇಷ್ಮೆಯೋ ಪಾಲಿಯೆಸ್ಟರೋ ಎಂಬ ಗೊಂದಲವನ್ನು ವಾಸನೆಗಿಂತ ಈ ಗಂಟು ಚೆನ್ನಾಗಿ ಬಗೆಹರಿಸುತ್ತದೆ. ವಾಸನೆಯ ವಿಷಯದಲ್ಲಿ ಇಬ್ಬರು ಒಂದೇ ಮಾತು ಹೇಳುವುದು ಕಡಿಮೆ.

4. ಒಂದು ಸೀರೆಗೆ ಒಂದೇ ಉತ್ತರ ಇರಬೇಕಿಲ್ಲ

ಇದಕ್ಕೆ ಇಳಕಲ್ ಸೀರೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದೇ ತೋಪು ತೆನಿ ಸೆರಗು. ಒಡಲು ಹತ್ತಿಯದಾಗಿ, ಸೆರಗು ರೇಷ್ಮೆಯದೋ ಅಲ್ಲಿಯವರು ಚಮಕಾ ಎನ್ನುವ ಆರ್ಟ್ ಸಿಲ್ಕಿನದೋ ಆಗಿರಬಹುದು.

ಬಾಗಲಕೋಟೆ ಕಡೆಯ ಒಬ್ಬ ಅಕ್ಕ ಅಂಥದೊಂದು ಸೀರೆ ತಂದಿದ್ದರು. ಸೆರಗಿನ ಕೆಂಪು ಮಾಸಿತ್ತು. "ಸೆರಗು ಪಕ್ಕಾ ರೇಷ್ಮಿ ಐತ್ರಿ, ನಮ್ಮತ್ತಿಯವ್ರು ಉಟ್ಟಿದ್ದು" ಎಂದರು. ಸೀರೆಯ ಎರಡು ತುದಿಗಳಿಂದಲೇ ಎಳೆ ತೆಗೆದೆ, ಎಲ್ಲೂ ಕತ್ತರಿಸಬೇಕಾಗಲಿಲ್ಲ. ಸೆರಗಿನ ತುದಿಯ ಕುಚ್ಚಿನಲ್ಲಿ ಸೆರಗಿನ ಹಾಸು ಸಿಗುತ್ತದೆ. ಒಳಗೆ ಸಿಕ್ಕಿಸುವ ಇನ್ನೊಂದು ತುದಿಯಲ್ಲಿ ಒಡಲಿನ ಹಾಸು, ಅದರ ಎರಡು ಬದಿಗಳಲ್ಲಿ ದಡಿಯ ಹಾಸು.

ಒಡಲಿನ ಎಳೆ ಕಾಗದದಂತೆ ಉರಿದು ಬೂದಿಯಾಯಿತು: ಹತ್ತಿ. ದಡಿಯ ಎಳೆ ಕರಗಿ ಗಟ್ಟಿ ಗಂಟಾಯಿತು: ಪಾಲಿಯೆಸ್ಟರ್. ರೇಷ್ಮೆ ಎಂದಿದ್ದ ಸೆರಗಿನ ಎಳೆ ಮುದುರಲೂ ಇಲ್ಲ, ಕೂದಲಿನ ವಾಸನೆಯನ್ನೂ ಕೊಡಲಿಲ್ಲ, ಒಡಲಿಗಿಂತ ಬೇಗ ಉರಿದು ಚಿಟಿಕೆ ಬೂದಿ ಉಳಿಸಿತು. ರೇಷ್ಮೆ ಅಲ್ಲ ಎಂಬುದು ಅಲ್ಲಿಗೆ ಖಚಿತ. ಆದರೆ ಹೊಳಪಿನ ಹತ್ತಿಯೋ ಚಮಕಾವೋ ಎಂಬುದನ್ನು ಬೆಂಕಿ ಹೇಳಲಾರದು. ಎರಡೂ ಸೆಲ್ಯುಲೋಸ್, ಎರಡರ ಬೂದಿಯೂ ಒಂದೇ ಬಗೆ.

5. ಬೆಂಕಿ ನಿಂತಲ್ಲಿ ನೀರು

ಚಮಕಾ ಎಂದರೆ ವಿಸ್ಕೋಸ್ ರೇಯಾನ್. ಅದು ನೆನೆದಾಗ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ; ಹತ್ತಿ ನೆನೆದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಗೇಣುದ್ದದ ಎಳೆಯ ನಡುವೆ ಮಾತ್ರ ನೀರು ಹಚ್ಚಿ, ಒಂದು ನಿಮಿಷ ಬಿಟ್ಟು, ಎರಡು ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಒದ್ದೆ ಜಾಗದಲ್ಲೇ ಮತ್ತೆ ಮತ್ತೆ ತುಂಡಾದರೆ ರೇಯಾನ್, ಒಣ ಜಾಗದಲ್ಲಿ ತುಂಡಾದರೆ ಹತ್ತಿ. ನೂಲು ಜೀರ್ಣವಾಗಿದ್ದರೆ ಎಲ್ಲೆಂದರಲ್ಲಿ ಹರಿಯುತ್ತದೆ, ಆದ್ದರಿಂದ ನಾಲ್ಕೈದು ಎಳೆ ನೋಡಬೇಕು.

ಆ ಸೆರಗಿನ ಎಳೆಗಳು ಒದ್ದೆಯಲ್ಲೇ ಹರಿದವು. ನನ್ನ ಕೆಲಸಕ್ಕೆ ಇದರ ಅರ್ಥ ಸ್ಪಷ್ಟ. ರಿಯಾಕ್ಟಿವ್ ಬಣ್ಣ, ಸೋಡಾ ಹಾಕಬಹುದು. ಒದ್ದೆ ಸೆರಗನ್ನು ಹಿಂಡಬಾರದು, ಹಗ್ಗಕ್ಕೆ ನೇತುಹಾಕಬಾರದು, ಟವೆಲ್ಲಿನ ಮೇಲೆ ಚಾಚಿ ಒಣಗಿಸಬೇಕು. ಹಳೆಯ ಚಮಕಾ ಸೆರಗುಗಳು ಹರಿಯುವುದು ಹೆಚ್ಚಾಗಿ ಒಗೆಯುವಾಗಲೇ.

6. ಮಿಶ್ರ ನೂಲಿನ ಪ್ರಮಾಣ ಕೇಳಬೇಡಿ

ಹತ್ತಿ ಮತ್ತು ಪಾಲಿಯೆಸ್ಟರನ್ನು ಒಂದೇ ಎಳೆಯಲ್ಲಿ ಸೇರಿಸಿ ನೂತಿದ್ದರೆ ಕಾಗದದ ವಾಸನೆಯೂ ಬರುತ್ತದೆ, ಬೂದಿಯ ನಡುವೆ ಗಟ್ಟಿ ಕಾಳುಗಳೂ ಸಿಗುತ್ತವೆ. ಬೆರಕೆ ಇದೆ ಎಂದಷ್ಟೇ ಹೇಳಬಹುದು. ನೂರಕ್ಕೆ ಎಷ್ಟು ಎಂದು ಗಂಟು ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ. ಸ್ವಲ್ಪವೇ ಬೆರೆತಿದ್ದರೆ ಬೆರಕೆಯೇ ಕಾಣದೆಯೂ ಹೋಗಬಹುದು. ಬೇಗ ಉರಿಯದಂತೆ ರಾಸಾಯನಿಕ ಲೇಪಿಸಿದ ಪರದೆ ಬಟ್ಟೆ ಹತ್ತಿಯಾದರೂ ತಾನೇ ಆರಿಬಿಡುತ್ತದೆ. ಬಿದಿರಿನ ಬಟ್ಟೆ ಎಂದು ಮಾರುವುದರಲ್ಲಿ ಬಹುಪಾಲು ವಿಸ್ಕೋಸೇ. ಅದು ಬಿದಿರಿನದೋ ಬೇರೆ ಮರದ ತಿರುಳಿನದೋ ಎಂಬುದು ಬೆಂಕಿಯ ಅಳವಿಗೆ ಮೀರಿದ್ದು.

ಹತ್ತಿಯ ಜೊತೆ ರೇಷ್ಮೆ ಅಥವಾ ಉಣ್ಣೆ ಬೆರೆತಿದೆಯೇ ಎಂಬುದಕ್ಕೆ ಮಾತ್ರ ಮನೆಯಲ್ಲೇ ಇನ್ನೊಂದು ದಾರಿಯಿದೆ. ಗಾಜಿನ ಲೋಟದಲ್ಲಿ ಹೊಸ ಕ್ಲೋರಿನ್ ಬ್ಲೀಚ್ ಹಾಕಿ ಎಳೆಗಳನ್ನು ಅದ್ದಿಡಿ. ರೇಷ್ಮೆ, ಉಣ್ಣೆ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಕರಗಿಹೋಗುತ್ತವೆ. ಹತ್ತಿ, ಪಾಲಿಯೆಸ್ಟರ್ ಹಾಗೆಯೇ ಉಳಿಯುತ್ತವೆ. ಆ ಲೋಟಕ್ಕೆ ವಿನೆಗರ್ ಆಗಲಿ, ಟಾಯ್ಲೆಟ್ ಕ್ಲೀನರ್ ಆಗಲಿ ತಾಗಬಾರದು, ಕ್ಲೋರಿನ್ ಅನಿಲ ಏಳುತ್ತದೆ.

7. ದುಡ್ಡಿನ ವ್ಯಾಜ್ಯಕ್ಕೆ ಮನೆಯ ಬೆಂಕಿ ಸಾಕ್ಷಿಯಲ್ಲ

ರೇಷ್ಮೆಯೆಂದು ದುಬಾರಿ ಬೆಲೆ ಕೊಟ್ಟು ತಂದ ಸೀರೆಯ ಬಗ್ಗೆ ಅಂಗಡಿಯವರೊಡನೆ ಮಾತು ಬೆಳೆದರೆ, ನಾನು ಸುಟ್ಟ ಎಳೆ ಕೆಲಸಕ್ಕೆ ಬರುವುದಿಲ್ಲ. ನಾನು ಹಿಡಿದದ್ದು ಒಂದು ಜಾಗದ ಹತ್ತಾರು ಎಳೆ, ಸೀರೆ ಐದೂವರೆ ಮೀಟರು. ಕೇಂದ್ರ ರೇಷ್ಮೆ ಮಂಡಳಿ ಹುಟ್ಟುಹಾಕಿದ ಸಿಲ್ಕ್ ಮಾರ್ಕ್ ಸಂಸ್ಥೆಯಲ್ಲಿ ರೇಷ್ಮೆ ಪರೀಕ್ಷೆಯ ವ್ಯವಸ್ಥೆ ಇದೆ. ಅಂಥವರನ್ನು ಅಲ್ಲಿಗೇ ಕಳಿಸುತ್ತೇನೆ, ಸೀರೆಯ ಜೊತೆ ಬಿಲ್ಲನ್ನೂ ಒಯ್ಯಿರಿ ಎನ್ನುತ್ತೇನೆ.